ಕಿರುಚಿತ್ರದ ಜೊತೆ ಹೋಗಬೇಕಾದ ವಿವರ

ಚಿತ್ರೋತ್ಸವದಲ್ಲಿ ತೆರೆಕಾಣುವ ಕಿರುಚಿತ್ರದ ಹೆಸರು, ಭಾಷೆ, ಅವಧಿ, ನಾಲ್ಕು ಸಾಲಿನ ಕಥೆ, ದುಡಿದವರ ಹೆಸರು ಎಲ್ಲವೂ ಉತ್ಸವದ ಕೈಪಿಡಿಯಲ್ಲಿ ಅಚ್ಚಾಗಿರುತ್ತವೆ. ಉತ್ಸವ ಮುಗಿದು ಅದೇ ಚಿತ್ರ ಯೂಟ್ಯೂಬ್‌ಗೋ ವಿಮಿಯೋಗೋ ಬಂದಾಗ ಈ ಮಾಹಿತಿಯನ್ನು ಚಿತ್ರತಂಡವೇ ಒದಗಿಸಬೇಕು. ಇದಕ್ಕೆ ಮೆಟಾಡೇಟಾ ಎನ್ನುತ್ತಾರೆ. ಚಿತ್ರದ ಕೊನೆಯಲ್ಲಿ ತೆರೆಯ ಮೇಲೆ ಉರುಳುವ ಹೆಸರುಗಳು ವೀಡಿಯೊದ ಚಿತ್ರಿಕೆಯ ಭಾಗ. ಹುಡುಕುವವರಿಗೆ ಸಿಗುವುದು ಹೆಚ್ಚಾಗಿ ಪಕ್ಕದಲ್ಲಿ ಅಕ್ಷರವಾಗಿ ಟೈಪಾದದ್ದು ಮಾತ್ರ. ಹಾಗಾಗಿ ಅಲ್ಲಿ ಬಿಟ್ಟುಹೋದ ಹೆಸರು ಅಂತರ್ಜಾಲದ ಮಟ್ಟಿಗೆ ಇಲ್ಲದ ಹೆಸರೇ.

ಕನ್ನಡದ್ದೇ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಚಿದಾನಂದ ಎಸ್. ನಾಯ್ಕ್ ಅವರು ಪುಣೆಯ ಫಿಲ್ಮ್ ಆ್ಯಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ 2024ರ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು. ಈ ಬಹುಮಾನವನ್ನು ಬರೆಯುವಾಗಲೇ ಮೊದಲ ಎಚ್ಚರ ಬೇಕು. ‘ಕಾನ್ ಪ್ರಶಸ್ತಿ’ ಎಂದಷ್ಟೇ ಬರೆದರೆ ಓದುಗರು ಪಾಮ್ ದೋರ್ ಎಂದುಕೊಳ್ಳಬಹುದು. ಚಿತ್ರಕ್ಕೆ ಸಿಕ್ಕಿದ್ದು ವಿದ್ಯಾರ್ಥಿ ಚಿತ್ರಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ. ಉತ್ಸವ, ವರ್ಷ, ವಿಭಾಗ, ಬಹುಮಾನ ಎಂಬ ನಾಲ್ಕೂ ಸೇರಿದರೆ ಮಾತ್ರ ವಾಕ್ಯ ನಿಜವಾಗುತ್ತದೆ. ವರ್ಷವನ್ನು ಬೇರೆಯಾಗಿ ಬರೆಯಲು ಇನ್ನೊಂದು ಕಾರಣವೂ ಇದೆ. ವೀಡಿಯೊ ತಾಣ ತಾನಾಗಿ ತೋರಿಸುವುದು ಚಿತ್ರ ಏರಿಸಿದ ದಿನಾಂಕವನ್ನು. 2024ರಲ್ಲಿ ಮೊದಲು ಪ್ರದರ್ಶನಗೊಂಡ ಚಿತ್ರ ಎರಡು ವರ್ಷ ತಡವಾಗಿ ಏರಿದರೆ, ನೋಡುವವರಿಗೆ ಅದು 2026ರ ಚಿತ್ರವಾಗಿ ಕಾಣುತ್ತದೆ.

ಈ ಚಿತ್ರಕ್ಕೆ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ವನ್ಸ್ ಟು ನೋ’ ಎಂಬ ಇಂಗ್ಲಿಷ್ ಹೆಸರೂ ಇದೆ. ಹೊರದೇಶದ ಕೈಪಿಡಿಗಳಲ್ಲಿ ಓಡಾಡಿದ್ದು ಅದೇ ಹೆಸರು. ಎರಡನ್ನೂ ಒಂದೇ ಶೀರ್ಷಿಕೆಯಲ್ಲಿ ಸೇರಿಸಲು ಹೊರಟರೆ ಜಾಗದ ತೊಡಕು ಎದುರಾಗುತ್ತದೆ. ಯೂಟ್ಯೂಬ್ ಶೀರ್ಷಿಕೆಗೆ ಕೊಡುವುದು 100 ಅಕ್ಷರ. ಆದರೆ ಕಂಪ್ಯೂಟರಿನ ಎಣಿಕೆಗೂ ಕನ್ನಡದ ಕಣ್ಣಿನ ಎಣಿಕೆಗೂ ತಾಳೆಯಾಗುವುದಿಲ್ಲ. ‘ಸೂರ್ಯಕಾಂತಿ’ ನಮಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಸ, ದೀರ್ಘದ ಗುರುತು, ರ, ವಿರಾಮದ ಗುರುತು, ಯ, ಹೀಗೆ ಒಟ್ಟು ಹತ್ತು. ವಿವರಣೆಯ ಜಾಗದಲ್ಲಿ ಮಿತಿ ಇನ್ನೂ ಬಿಗಿ. ಅಲ್ಲಿನ 5000ದ ಲೆಕ್ಕ ಬೈಟ್‌ಗಳಲ್ಲಿದೆ. ಕನ್ನಡದ ಒಂದೊಂದು ಗುರುತೂ ಮೂರು ಬೈಟ್ ನುಂಗುತ್ತದೆ, ಇಂಗ್ಲಿಷಿನ ಅಕ್ಷರಕ್ಕೆ ಒಂದು ಸಾಕು. ಹೀಗಾಗಿ ಕನ್ನಡದಲ್ಲಿ ಬರೆದ ಉದ್ದನೆಯ ಹೆಸರುಪಟ್ಟಿ ಎಣಿಸಿದ್ದಕ್ಕಿಂತ ಬಹಳ ಬೇಗ ಮಿತಿ ಮುಟ್ಟುತ್ತದೆ. ಬರೆಯುವ ಮೊದಲೇ ಇದು ಗೊತ್ತಿದ್ದರೆ ಕೊನೆಯ ಗಳಿಗೆಯಲ್ಲಿ ಸಹಾಯಕರ ಹೆಸರುಗಳನ್ನು ಕತ್ತರಿಸುವ ಪ್ರಮೇಯ ಬರುವುದಿಲ್ಲ.

ಅವಧಿ ಮೇಲ್ನೋಟಕ್ಕೆ ಅತಿ ಸುಲಭದ ಸಂಗತಿ, ಆದರೆ ಗೊಂದಲ ಹೆಚ್ಚು ಹುಟ್ಟುವುದು ಇಲ್ಲೇ. ಕಿರುಚಿತ್ರದ ಅವಧಿ ಎಂದರೆ ಮೊದಲ ಚಿತ್ರಿಕೆಯಿಂದ ಕೊನೆಯ ಹೆಸರು ಮರೆಯಾಗುವವರೆಗಿನ ಪೂರ್ತಿ ಹೊತ್ತು. ಕಥೆ ಮುಗಿಯುವ ತನಕ ಮಾತ್ರ ಎಣಿಸುವವರಿದ್ದಾರೆ. ಅದು ತಪ್ಪು. ಆಸ್ಕರ್ ನಿಯಮದಲ್ಲಿ ಕಿರುಚಿತ್ರದ ಮಿತಿ 40 ನಿಮಿಷ, ಅದರಲ್ಲಿ ಹೆಸರುಗಳೂ ಸೇರಿವೆ. ಕಾನ್‌ನ ಕಿರುಚಿತ್ರ ಸ್ಪರ್ಧೆಯ 15 ನಿಮಿಷದ ಮಿತಿಯೂ ಹೀಗೆಯೇ. ‘ಸೂರ್ಯಕಾಂತಿ’ ಚಿತ್ರದ ಅವಧಿ 16 ನಿಮಿಷ ಎಂದು ದಾಖಲಾಗಿದೆ. ಸ್ಪರ್ಧೆಗೆ ಅದು ಹೆಚ್ಚಾಗುತ್ತಿತ್ತು, ಲಾ ಸಿನೆಫ್‌ನಲ್ಲಿ ಇದಕ್ಕಿಂತ ಉದ್ದದ ಚಿತ್ರಗಳಿಗೂ ಅವಕಾಶವಿದೆ.

ಕೈಪಿಡಿಯಲ್ಲಿ ಒಂದು ಅವಧಿ, ಆನ್‌ಲೈನ್‌ನಲ್ಲಿ ಇನ್ನೊಂದು ಕಾಣಿಸಿದರೆ ಮೂರು ಕಾರಣಗಳನ್ನು ನೋಡಬೇಕು. ಒಂದು, ಕೈಪಿಡಿ ಸೆಕೆಂಡುಗಳನ್ನು ಬಿಟ್ಟು ಪೂರ್ಣ ನಿಮಿಷಕ್ಕೆ ಹೊಂದಿಸಿರುತ್ತದೆ. ಎರಡು, ಆನ್‌ಲೈನ್ ಪ್ರತಿಗೆ ಮುಂದುಗಡೆ ಪ್ರಶಸ್ತಿ ಲಾಂಛನಗಳನ್ನೋ ಕೊನೆಯಲ್ಲಿ ಧನ್ಯವಾದದ ಫಲಕವನ್ನೋ ಸೇರಿಸಲಾಗಿರುತ್ತದೆ. ಮೂರನೆಯದು ಪತ್ತೆಹಚ್ಚಲು ಕಷ್ಟವಾದದ್ದು. ಸೆಕೆಂಡಿಗೆ 24 ಚಿತ್ರಿಕೆಯಂತೆ ಓಡುವ ಚಿತ್ರವನ್ನು ಟಿವಿಗಾಗಿ 25ರ ವೇಗಕ್ಕೆ ತಿರುಗಿಸಿದ ಪ್ರತಿಯೇ ಕೈಗೆ ಸಿಕ್ಕು, ಅದೇ ಮೇಲೇರಿರುತ್ತದೆ. ಸರಿಯಾಗಿ 16 ನಿಮಿಷದ ಚಿತ್ರವೊಂದರಲ್ಲಿ 23,040 ಚಿತ್ರಿಕೆಗಳಿರುತ್ತವೆ. ಅವನ್ನೇ 25ರಂತೆ ಓಡಿಸಿದರೆ ಚಿತ್ರ 15 ನಿಮಿಷ 22 ಸೆಕೆಂಡಿಗೆ ಮುಗಿಯುತ್ತದೆ. ಒಂದು ದೃಶ್ಯವೂ ಹೋಗಿರುವುದಿಲ್ಲ, ಆದರೂ ನೋಡುವವರು ಚಿತ್ರಕ್ಕೆ ಕತ್ತರಿ ಬಿದ್ದಿದೆ ಎಂದುಕೊಳ್ಳುತ್ತಾರೆ. ವ್ಯತ್ಯಾಸ ನೂರಕ್ಕೆ ನಾಲ್ಕರಷ್ಟಿದ್ದು, ಪಾತ್ರಗಳ ದನಿ ತುಸು ಏರಿದಂತೆ ಕೇಳಿಸಿದರೆ ಇದೇ ಕಾರಣವಿರಬಹುದು. ಆಗ ಅವಧಿಯನ್ನು ತಿದ್ದಿ ಬರೆಯುವುದು ಪರಿಹಾರವಲ್ಲ, 24ರ ಮೂಲ ಪ್ರತಿಯನ್ನೇ ಏರಿಸಬೇಕು. ತಂಡಕ್ಕೆ ಸ್ವಂತ ಜಾಲತಾಣವಿದ್ದರೆ ಅಲ್ಲಿ ಹುಡುಕುಯಂತ್ರಕ್ಕೆಂದು ಅವಧಿಯನ್ನು `PT16M` ಎಂಬ ರೂಪದಲ್ಲಿ ಕೊಡುತ್ತಾರೆ. ಇದರ ಅರ್ಥ ಹದಿನಾರು ನಿಮಿಷ.

ಕಥಾಸಾರದಲ್ಲಿ ಎರಡು ಬಗೆ ಬೇಕಾಗುತ್ತದೆ. ಉತ್ಸವದ ಆಯ್ಕೆಗಾರರಿಗೆ ಕಳಿಸುವುದರಲ್ಲಿ ಕಥೆಯ ತಿರುವುಗಳೂ ಬರಬಹುದು, ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೆ ತಿಳಿಯಬೇಕು. ಕಾನ್ ಬಹುಮಾನದ ಸಮಯದಲ್ಲಿ ಪ್ರಕಟವಾದ ಸಾರಾಂಶ ಹೀಗಿತ್ತು: ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ, ಊರು ಅಲ್ಲೋಲಕಲ್ಲೋಲವಾಗುತ್ತದೆ, ಹುಂಜ ಮರಳಲೆಂದು ಭವಿಷ್ಯವಾಣಿಯೊಂದರ ಮೊರೆಹೋಗುತ್ತಾರೆ, ಅದರಿಂದಾಗಿ ಮುದುಕಿಯ ಮನೆಯವರು ಊರು ಬಿಡಬೇಕಾಗುತ್ತದೆ. ಹದಿನಾರು ನಿಮಿಷದ ಚಿತ್ರವನ್ನು ಈಗಷ್ಟೇ ಒತ್ತಲು ಹೊರಟವರಿಗೆ ಇದು ಹೆಚ್ಚಾಯಿತು. ‘ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿಗೆ ದಿಕ್ಕು ತೋಚದಂತಾಗುತ್ತದೆ’ ಎಂಬಷ್ಟು ಸಾಕು. ಯಾರು, ಏನು ಮಾಡಿದರು, ಅದರಿಂದ ಏನು ಕೆಟ್ಟಿತು ಎಂಬ ಮೂರೂ ಇಲ್ಲಿವೆ, ಮುಂದಿನದು ಚಿತ್ರಕ್ಕೆ ಉಳಿದಿದೆ. ‘ಬದುಕಿನ ಆಳವನ್ನು ಶೋಧಿಸುವ ಕಾವ್ಯಾತ್ಮಕ ಪಯಣ’ ಎಂಬಂಥ ವಾಕ್ಯ ಯಾವ ಚಿತ್ರಕ್ಕೂ ಒಪ್ಪುತ್ತದೆ, ಆದ್ದರಿಂದ ಯಾವ ಚಿತ್ರವನ್ನೂ ಗುರುತಿಸುವುದಿಲ್ಲ. ವಿವರಣೆಯನ್ನು ಪೂರ್ತಿ ಬಿಡಿಸದೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಕಥಾಸಾರ ಅಲ್ಲಿರಬೇಕು, ಪ್ರಶಸ್ತಿ ಅದರ ಕೆಳಗೆ ಬರಲಿ.

ಹೆಸರುಪಟ್ಟಿಗೆ ಆಧಾರ ಒಂದೇ: ಚಿತ್ರದ ಕೊನೆಯಲ್ಲಿ ಉರುಳುವ ಹೆಸರುಗಳು. ನೆನಪಿನಿಂದ ಬರೆದರೆ ನಿರ್ದೇಶಕರು, ಮುಖ್ಯ ನಟರು, ಛಾಯಾಗ್ರಾಹಕರು ಉಳಿಯುತ್ತಾರೆ. ಸ್ಥಳದಲ್ಲೇ ಧ್ವನಿ ಮುದ್ರಿಸಿದವರು, ಉಪಶೀರ್ಷಿಕೆ ಬರೆದವರು, ಒಂದೇ ದೃಶ್ಯದಲ್ಲಿ ಬಂದುಹೋದ ಊರಿನವರು ಬಿಟ್ಟುಹೋಗುತ್ತಾರೆ. ವೀಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ಒಂದೊಂದು ಸಾಲನ್ನೂ ನಕಲು ಮಾಡುವುದೇ ಸರಿಯಾದ ದಾರಿ. ನಟರ ಹೆಸರಿನ ಎದುರು ಪಾತ್ರವನ್ನೂ ಬರೆಯಬೇಕು. ಪಾತ್ರಕ್ಕೆ ಹೆಸರಿಲ್ಲದಿದ್ದರೆ ‘ಅಂಗಡಿಯವನು’ ಎಂದಾದರೂ ಇರಲಿ.

ಇಂಗ್ಲಿಷ್ ಕಾಗುಣಿತ ಇನ್ನೊಂದು ಕಾಟ. ಒಂದೇ ಮನೆತನದ ಹೆಸರನ್ನು ಒಬ್ಬರು `Naik` ಎಂದೂ ಇನ್ನೊಬ್ಬರು `Nayak` ಎಂದೂ ಬರೆಯುತ್ತಾರೆ. ‘ಸೂರ್ಯಕಾಂತಿ’ಯ ಸಂಕಲನಕಾರರ ಹೆಸರು ಮನೋಜ್ ವಿ. ಇಲ್ಲಿ ಇನಿಷಿಯಲ್ ಬಿಟ್ಟರೆ ನೂರಾರು ಮನೋಜರ ನಡುವೆ ಅವರು ಕಳೆದುಹೋಗುತ್ತಾರೆ. ಐಎಂಡಿಬಿಯಲ್ಲಿ ಪ್ರತಿಯೊಬ್ಬರಿಗೂ `nm` ಎಂದು ಶುರುವಾಗುವ ಸಂಖ್ಯೆಯೊಂದಿದೆ. ಕಾಗುಣಿತ ಬದಲಾದರೆ ಅದೇ ಮನುಷ್ಯನಿಗೆ ಎರಡನೇ ಪುಟ ಹುಟ್ಟಿಕೊಂಡು, ಕೆಲಸ ಎರಡು ಕಡೆ ಹಂಚಿಹೋಗುತ್ತದೆ. ಎರಡನ್ನೂ ಒಂದುಗೂಡಿಸಲು ಅರ್ಜಿ ಹಾಕಬಹುದು. ತೆರೆಯ ಮೇಲೆ ಬೇರೆ ಕಾಗುಣಿತ ಇದ್ದಿದ್ದರೆ ‘ಈ ಹೆಸರಿನಲ್ಲಿ’ ಎಂಬ ಟಿಪ್ಪಣಿಯನ್ನೂ ಅದು ಉಳಿಸಿಕೊಳ್ಳುತ್ತದೆ.

ಪುಟ ಸಾರ್ವಜನಿಕವಾಗುವ ಮೊದಲು ಅದನ್ನು ಖಾಸಗಿಯಾಗಿಟ್ಟು, ತಂಡದ ಪ್ರತಿಯೊಬ್ಬರಿಂದಲೂ ಅವರವರ ಸಾಲನ್ನು ಓದಿಸುವುದು ಒಳ್ಳೆಯದು. ಯೂಟ್ಯೂಬ್‌ನಲ್ಲಿ ಏರಿಸಿದ ವೀಡಿಯೊವನ್ನು ತೆಗೆದು ಅದೇ ಕೊಂಡಿಯಲ್ಲಿ ಹೊಸದನ್ನು ಇಡಲು ಬರುವುದಿಲ್ಲ. ಹಾಗೆ ಮಾಡಲು ಹೋದರೆ ಕೊಂಡಿಯೂ ನೋಡಿದವರ ಎಣಿಕೆಯೂ ಹೋಗುತ್ತವೆ. ವಿವರಣೆಯ ಅಕ್ಷರಗಳನ್ನು ಮಾತ್ರ ಯಾವಾಗ ಬೇಕಾದರೂ ತಿದ್ದಬಹುದು. ತೆರೆಯ ಮೇಲಿನ ಹೆಸರಿನಲ್ಲೇ ತಪ್ಪು ಉಳಿದಿದ್ದರೆ, ಸರಿಯಾದ ರೂಪವನ್ನು ವಿವರಣೆಯಲ್ಲಿ ಬರೆದು, ಚಿತ್ರದಲ್ಲಿ ಬೇರೆಯಾಗಿ ಅಚ್ಚಾಗಿದೆ ಎಂದು ಒಂದು ಸಾಲು ಸೇರಿಸಬೇಕು.