ಡಿಸೆಂಬರ್‌ನಲ್ಲಿ ಬರುವ ಪೋಶ್ ಮೇಲ್

ವರ್ಷದ ಕೊನೆ ಬಂತೆಂದರೆ ಕಂಪನಿಗಳಲ್ಲಿ ಎಚ್‌ಆರ್‌ನವರ ಮೇಲ್‌ಗಳು ಶುರುವಾಗುತ್ತವೆ: ‘ನಿಮ್ಮ ಪೋಶ್ ತರಬೇತಿ ಬಾಕಿ ಇದೆ.’ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ಆಫೀಸುಗಳಲ್ಲಿ ಕರೆಯುವುದೇ ಪೋಶ್ ಎಂದು. ಸಿಬ್ಬಂದಿಗೆ ಆಗಾಗ ಅರಿವು ಮೂಡಿಸುವ ಕಾರ್ಯಕ್ರಮ ನಡೆಸಬೇಕೆಂದು ಅದರ 19ನೇ ಸೆಕ್ಷನ್ ಮಾಲೀಕರಿಗೆ ಹೇಳುತ್ತದೆ. ಆ ವರ್ಷ ಎಷ್ಟು ಕಾರ್ಯಕ್ರಮ ನಡೆಯಿತು ಎಂಬ ಲೆಕ್ಕ ವಾರ್ಷಿಕ ವರದಿಯಲ್ಲಿ ಬರಬೇಕು. ಡಿಸೆಂಬರ್‌ನ ಅವಸರಕ್ಕೆ ಇದೂ ಒಂದು ಕಾರಣ.

ಗಮನಿಸಬೇಕಾದ ಸಂಗತಿಯೆಂದರೆ, ಕಾಯ್ದೆ ಹೊಣೆ ಹೊರಿಸಿರುವುದು ಮಾಲೀಕರ ಮೇಲೆ. ತಪ್ಪಿದರೆ 50,000 ರೂಪಾಯಿವರೆಗೆ ದಂಡ ಬೀಳುವುದೂ ಅವರಿಗೇ. ತರಬೇತಿ ಮುಗಿಸದ ನೌಕರನಿಗೆ ಈ ಕಾಯ್ದೆಯಲ್ಲಿ ದಂಡವಿಲ್ಲ. ಅವನ ಮೇಲೆ ಕ್ರಮ ಕೈಗೊಳ್ಳುವುದಾದರೆ ಅದು ಕಂಪನಿಯ ಸ್ವಂತ ನಿಯಮದಂತೆ. ಹಾಗಾಗಿ ‘ಕಾನೂನು ಕ್ರಮ ಎದುರಿಸಬೇಕಾದೀತು’ ಎಂದು ಬರೆಯುವ ಮೇಲ್ ಬರೀ ಬೆದರಿಕೆ. ‘ಆದಷ್ಟು ಬೇಗ ಮುಗಿಸಿ’ ಎಂಬುದನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸರಿಯಾದ ಮೇಲ್ ಹೀಗಿರಬಹುದು:

‘ವಿಷಯ: ಡಿಸೆಂಬರ್ 20, ಸಂಜೆ 5ರೊಳಗೆ ಪೋಶ್ ತರಬೇತಿ ಮುಗಿಸಿ.

ನಿಮ್ಮ ತರಬೇತಿ ಇನ್ನೂ ಬಾಕಿ ಇದೆ. ಸುಮಾರು 40 ನಿಮಿಷ ಬೇಕು. ಎಂದಿನಂತೆ ಕಂಪನಿಯ ಪೋರ್ಟಲ್‌ಗೆ ಲಾಗಿನ್ ಆಗಿ ತರಬೇತಿ ವಿಭಾಗ ತೆರೆಯಿರಿ. ಗಡುವು ಮೀರಿದರೆ ನಿಮ್ಮ ಹೆಸರು ಮ್ಯಾನೇಜರ್‌ಗೆ ಹೋಗುತ್ತದೆ. ಡಿಸೆಂಬರ್ 27ಕ್ಕೂ ಮುಗಿಯದಿದ್ದರೆ, ಮುಗಿಸುವ ತನಕ ಪ್ರಾಜೆಕ್ಟ್ ಫೈಲ್‌ಗಳು ತೆರೆಯುವುದಿಲ್ಲ. ರಜೆಯಲ್ಲಿದ್ದರೆ ಅಥವಾ ಲಾಗಿನ್ ಆಗದಿದ್ದರೆ ಈ ಮೇಲ್‌ಗೇ ಉತ್ತರಿಸಿ.’

ಇಲ್ಲಿ ಗಡುವಿನ ದಿನಾಂಕ, ಗಂಟೆ ಎರಡೂ ಇವೆ, ಅದೂ ಮೇಲ್ ತೆರೆಯುವ ಮೊದಲೇ ಕಾಣುವ ಸಾಲಿನಲ್ಲಿ. ತಪ್ಪಿದರೆ ಏನಾಗುತ್ತದೆ ಎಂಬುದು ಹಂತ ಹಂತವಾಗಿದೆ. ಆದರೆ 28ರಂದು ಎಲ್ಲರ ಫೈಲ್‌ಗಳೂ ಎಂದಿನಂತೆ ತೆರೆದುಕೊಂಡವೋ, ಮುಂದಿನ ವರ್ಷ ಆ ಮೇಲ್‌ಗೆ ಯಾರೂ ಬೆಲೆ ಕೊಡುವುದಿಲ್ಲ. ಮಾಡಲಾಗದ್ದನ್ನು ಬರೆಯದಿರುವುದೇ ಲೇಸು. ಹೆರಿಗೆ ರಜೆಯಲ್ಲಿರುವವರಿಗೂ ಇದೇ ಮೇಲ್ ಹೋಗದಂತೆ ಪಟ್ಟಿಯನ್ನು ಮೊದಲೇ ಸೋಸಬೇಕು.

‘ನಾನು ಮುಗಿಸಿದ್ದೇನಲ್ಲ, ಮತ್ತೇಕೆ ಮೇಲ್?’ ಎಂಬ ಜಗಳ ಎಲ್ಲ ಕಡೆಯೂ ಇದ್ದದ್ದೇ. ಸಾಮಾನ್ಯವಾಗಿ ಆಗಿರುವುದು ಇಷ್ಟೇ: ವಿಡಿಯೋ ಪೂರ್ತಿ ನೋಡಿ, ಪ್ರಶ್ನೆಗಳಿಗೂ ಉತ್ತರಿಸಿ, ಕೊನೆಯ ಒಪ್ಪಿಗೆ ಪುಟದಲ್ಲಿ ಬಟನ್ ಒತ್ತದೆ ಕಿಟಕಿ ಮುಚ್ಚಿರುತ್ತಾರೆ. ಪೋರ್ಟಲ್ ಅದನ್ನು ಬಾಕಿ ಎಂದೇ ತೋರಿಸುತ್ತದೆ. ಪ್ರಮಾಣಪತ್ರ ಡೌನ್‌ಲೋಡ್ ಆಗುತ್ತದೆಯೇ ನೋಡಿದರೆ ಗೊತ್ತಾಗುತ್ತದೆ.

ಇಂಥ ಮೇಲ್‌ಗಳ ವೇಷದಲ್ಲಿ ಪಾಸ್‌ವರ್ಡ್ ಕದಿಯುವವರೂ ಇದ್ದಾರೆ. ಗಡುವಿನ ಭಯ ಅವರಿಗೂ ಅನುಕೂಲವೇ. ಆದ್ದರಿಂದ ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ, ನೇರವಾಗಿ ಪೋರ್ಟಲ್‌ಗೆ ಹೋಗಿ. ಅಲ್ಲಿ ವಿಡಿಯೋ ಓಡಿಸಿಬಿಟ್ಟು ಚಹಾಕ್ಕೆ ಎದ್ದು ಹೋಗುವ ಮುನ್ನ ನಿಮ್ಮ ಆಫೀಸಿನ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ ಎಂಬುದನ್ನಾದರೂ ಬರೆದಿಟ್ಟುಕೊಳ್ಳಿ. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕಾದದ್ದು ಅವರಿಗೇ.