ಬಿಲ್ ಕಳೆದಾಗ ಹಣ ಕೊಡುವ ಮುನ್ನ

ಹಾರ್ಡ್‌ವೇರ್ ಅಂಗಡಿಗೆ ಬಂದ 48,000 ರೂಪಾಯಿ ಪೈಪಿನ ಬಿಲ್ ಕಳೆದಿದೆ ಎನ್ನಿ. ‘ಇನ್ನೊಂದು ಬಿಲ್ ಮಾಡಿಕೊಡಿ’ ಎಂದು ಸರಬರಾಜುದಾರರನ್ನು ಕೇಳಬೇಡಿ. ಹೊಸ ನಂಬರಿನ ಬಿಲ್ ಬಂದರೆ ಒಂದೇ ಸರಕಿಗೆ ಎರಡು ಬಾಕಿ ಏರುತ್ತದೆ. ಹಳೆಯ ನಂಬರು, ಹಳೆಯ ತಾರೀಖಿನ ಪ್ರತಿಯನ್ನೇ ‘ನಕಲು’ ಎಂದು ನಮೂದಿಸಿ ಕಳಿಸಲು ಹೇಳಿ.

ಬಂದೊಡನೆ ಆ ಪಾರ್ಟಿಯ ಲೆಡ್ಜರ್ ನೋಡಿ. ಕಳೆದ ಬಿಲ್ಲಿಗೆ ಹಣ ಆಗಲೇ ಹೋಗಿರಬಹುದು. ನಂಬರಿನಿಂದ ಹುಡುಕಿದರಷ್ಟೇ ಸಾಲದು: 0417 ಎಂಬುದನ್ನು ಯಾರೋ 417 ಎಂದು ಬರೆದಿದ್ದರೆ ಸಿಗದು. ಮೊತ್ತದಿಂದಲೂ ಹುಡುಕಿ. ಆಮೇಲೆ ಸರಕಿನ ಡೆಲಿವರಿ ಚಲನ್ ಜೊತೆ ಪೈಪಿನ ಲೆಕ್ಕ, ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲಿ ಬಿಲ್ಲಿನ ತಾರೀಖು, ತೆರಿಗೆ ತಾಳೆ ಮಾಡಿ.

ನಕಲಿನಲ್ಲಿ ಬ್ಯಾಂಕ್ ಖಾತೆ ಬದಲಾಗಿದ್ದರೆ, ನಿಮ್ಮಲ್ಲಿ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಖಾತ್ರಿಯಾಗುವವರೆಗೆ ಹಣ ಹಾಕಬೇಡಿ.