ಮೇಲಕ್ಕೆಳೆಯಬೇಡಿ, ತಿರುಗಿಸಿ

ಕಂಪ್ಯೂಟರ್ ವಿಪರೀತ ಬಿಸಿಯಾಗುತ್ತಿದೆ, ಫ್ಯಾನ್ ಸದ್ದು ಹೆಚ್ಚಾಗಿದೆ ಎಂದು ಡಬ್ಬ ಬಿಚ್ಚುತ್ತೀರಿ. ಧೂಳು ಒರೆಸಿ, ಪ್ರೊಸೆಸರ್ ಮೇಲಿನ ಕೂಲರ್ ತೆಗೆದು ಹೊಸ ಥರ್ಮಲ್ ಪೇಸ್ಟ್ ಹಚ್ಚುವುದು ಉದ್ದೇಶ. ನಾಲ್ಕು ಸ್ಕ್ರೂ ಬಿಚ್ಚಿದರೂ ಕೂಲರ್ ಅಲುಗುವುದಿಲ್ಲ. ಸ್ವಲ್ಪ ಬಲ ಹಾಕಿ ಎತ್ತಿದರೆ ಟಪ್ಪೆಂದು ಕಿತ್ತು ಬರುತ್ತದೆ, ಅದರ ತಳಕ್ಕೆ ಅಂಟಿಕೊಂಡ ಪ್ರೊಸೆಸರ್ ಸಮೇತ. ಸಾಕೆಟ್ಟಿನ ಲಿವರ್ ಮಾತ್ರ ಹಾಕಿದ್ದ ಹಾಗೇ ಇರುತ್ತದೆ. ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇರುವ ಕಂಪ್ಯೂಟರುಗಳನ್ನು ರಿಪೇರಿ ಮಾಡುವವರೆಲ್ಲ ಕಂಡಿರುವ ಅವಘಡ ಇದು.

ಇದು ಎಎಂ4ನಲ್ಲೇ ಹೆಚ್ಚು ಏಕೆಂದರೆ ಅದರ ರಚನೆ ಹಾಗಿದೆ. 2017ರಲ್ಲಿ ಬಂದ ಮೊದಲ ರೈಜೆನ್‌ನಿಂದ 5000 ಸರಣಿಯವರೆಗೆ ಮನೆಬಳಕೆಯ ರೈಜೆನ್ ಪ್ರೊಸೆಸರುಗಳ ತಳದಲ್ಲಿ ಕೂದಲೆಳೆಯಂಥ 1331 ಪಿನ್ನುಗಳಿವೆ. ಲಿವರ್ ಒತ್ತಿದಾಗ ಸಾಕೆಟ್ ಆ ಪಿನ್ನುಗಳನ್ನು ಪಕ್ಕದಿಂದ ಹಿಡಿದುಕೊಳ್ಳುತ್ತದೆ, ಅಷ್ಟೇ. ಪ್ರೊಸೆಸರನ್ನು ಮೇಲಿನಿಂದ ಅದುಮಿ ಹಿಡಿಯುವ ಚೌಕಟ್ಟು ಯಾವುದೂ ಇಲ್ಲ. ಇಂಟೆಲ್‌ನ ಈಚಿನ ಸಾಕೆಟ್‌ಗಳಲ್ಲಿ, 2022ರ ಎಎಂ5ನಲ್ಲಿ ಲೋಹದ ಚೌಕಟ್ಟು ಪ್ರೊಸೆಸರಿನ ಅಂಚನ್ನು ಭದ್ರವಾಗಿ ಒತ್ತಿರುತ್ತದೆ. ಪಿನ್ನುಗಳೂ ಸಾಕೆಟ್ಟಿನಲ್ಲೇ ಇರುತ್ತವೆ. ಅಲ್ಲಿ ಕೂಲರ್ ಜೊತೆ ಪ್ರೊಸೆಸರ್ ಎದ್ದು ಬರುವುದು ತೀರಾ ಅಪರೂಪ.

ಇನ್ನು ಅಂಟಿಕೊಳ್ಳುವುದು ಏಕೆ? ಸಾಮಾನ್ಯ ಥರ್ಮಲ್ ಪೇಸ್ಟ್ ಎಂದರೆ ಸಿಲಿಕೋನ್ ಎಣ್ಣೆಯಲ್ಲಿ ಕಲಸಿದ ಲೋಹದ ಆಕ್ಸೈಡ್ ಪುಡಿ. ವರ್ಷಗಟ್ಟಲೆ ಬಿಸಿಯಾಗಿ ತಣಿದು ಎಣ್ಣೆ ಮೆಲ್ಲಗೆ ಹೊರಗೆ ಸರಿದುಹೋಗುತ್ತದೆ, ಪುಡಿ ಗಟ್ಟಿಯಾಗಿ ಉಳಿಯುತ್ತದೆ. ಎರಡು ಸಪಾಟು ಲೋಹಗಳ ನಡುವೆ ಗಾಳಿಗೂ ಜಾಗವಿರುವುದಿಲ್ಲ. ಮೇಲಕ್ಕೆಳೆದರೆ ಹೊರಗಿನ ಗಾಳಿಯ ಒತ್ತಡವನ್ನೂ ನೀವು ಎದುರಿಸಬೇಕು. ಪ್ರೊಸೆಸರಿನಷ್ಟು ಅಗಲಕ್ಕೆ ಅದೊಂದೇ ಹತ್ತು ಕಿಲೋ ಮೀರಬಹುದು. ಒದ್ದೆಯಾದ ಎರಡು ಗಾಜಿನ ಹಲಗೆಗಳು ಒಂದಕ್ಕೊಂದು ಕಚ್ಚಿಕೊಂಡಾಗ ಎಳೆದರೆ ಬರುವುದಿಲ್ಲ, ಪಕ್ಕಕ್ಕೆ ಜಾರಿಸಿದರೆ ಸಲೀಸಾಗಿ ಬಿಡುತ್ತವೆ. ಇಲ್ಲಿಯೂ ಹಾಗೆಯೇ: ನೇರ ಎಳೆತಕ್ಕೆ ಪಿನ್ನಿನ ಹಿಡಿತ ಸೋಲುತ್ತದೆ, ತಿರುಚುವ ಬಲಕ್ಕೆ ಪೇಸ್ಟ್ ಸೋಲುತ್ತದೆ. ತಿರುಗಿಸುವಾಗ ಬೀಳುವ ಭಾರವನ್ನು ಸಾಕೆಟ್ಟಿನೊಳಗೆ ಬಿಗಿಯಾಗಿ ಕೂತ 1331 ಪಿನ್ನುಗಳು ಹಂಚಿಕೊಳ್ಳುತ್ತವೆ.

ರೈಜೆನ್ 5 3600 ಮತ್ತು ಅದರ ಜೊತೆಗೇ ಬರುವ ರೇತ್ ಸ್ಟೆಲ್ತ್ ಕೂಲರನ್ನೇ ತೆಗೆದುಕೊಳ್ಳೋಣ. ಕೂಲರಿನ ತಳಕ್ಕೆ ಪೇಸ್ಟನ್ನು ಕಾರ್ಖಾನೆಯಲ್ಲೇ ಹಚ್ಚಿರುತ್ತಾರೆ. ಯಂತ್ರ ಇನ್ನೂ ಚಾಲೂ ಆಗುತ್ತಿದ್ದರೆ ಮೊದಲ ಕೆಲಸ ಅದನ್ನು ಬಿಸಿ ಮಾಡುವುದು. ಭಾರವಾದ ಗೇಮ್ ಅಥವಾ ಸಿನೆಬೆಂಚ್‌ನಂಥ ಪರೀಕ್ಷಾ ತಂತ್ರಾಂಶವನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಉಷ್ಣಾಂಶವನ್ನು ಗಮನಿಸುತ್ತಿರಿ. ಪ್ರೊಸೆಸರ್ 70 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಬಂದರೆ ಸಾಕು. 95ಕ್ಕೆ ಅದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಕೊಂಡೊಯ್ಯುವ ಅಗತ್ಯವಿಲ್ಲ. ಬಿಸಿಯಾದ ಪೇಸ್ಟ್ ಮತ್ತೆ ಹೊಸದರಂತೆ ಆಗದಿದ್ದರೂ ಅದರಲ್ಲಿ ಉಳಿದ ಎಣ್ಣೆ ಸಡಿಲವಾಗಿ ಬಿಗಿತ ಕಡಿಮೆಯಾಗುತ್ತದೆ.

ನಂತರ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಡಬ್ಬದ ಲೋಹವನ್ನು ಮುಟ್ಟಿ ಮೈಯಲ್ಲಿರುವ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಿ. ಮದರ್‌ಬೋರ್ಡ್ ಮಲಗಿರುವಂತೆ ಡಬ್ಬವನ್ನು ಅಡ್ಡ ಹಾಕಿ, ಫ್ಯಾನಿನ ತಂತಿ ಬಿಡಿಸಿ. ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವೇ ಸಡಿಲಿಸುತ್ತ ಬಿಚ್ಚಿ. ಅಲ್ಯೂಮಿನಿಯಂ ಬೇಗ ತಣಿಯುತ್ತದೆ, ಆದ್ದರಿಂದ ಇಷ್ಟನ್ನೂ ಕೆಲವೇ ನಿಮಿಷಗಳಲ್ಲಿ ಮುಗಿಸಬೇಕು.

ಈಗ ಕೂಲರನ್ನು ಪ್ಲಾಸ್ಟಿಕ್ ಫ್ಯಾನಿನಲ್ಲಿ ಅಲ್ಲ, ಕೆಳಗಿನ ಲೋಹದ ಭಾಗದಲ್ಲಿ ಹಿಡಿಯಿರಿ. ಕೈ ಸುಡದಂತೆ ಬಟ್ಟೆ ಇರಲಿ. ಅದನ್ನು ಬೋರ್ಡಿನ ಕಡೆಗೆ ಹಗುರವಾಗಿ ಒತ್ತಿಕೊಂಡೇ ಬಲಕ್ಕೆ ಒಂದಿಷ್ಟು, ಎಡಕ್ಕೆ ಒಂದಿಷ್ಟು ತಿರುಚಿ. ಎತ್ತುವ ಯೋಚನೆಯೇ ಬೇಡ. ಮಣಿಕಟ್ಟಿನ ಬಲ ಸಾಕು. ಮೊದಲು ಏನೂ ಆಗದಂತೆ ಅನ್ನಿಸುತ್ತದೆ, ಆಮೇಲೆ ಕೈಗೆ ಗೊತ್ತಾಗುವಷ್ಟು ಸಣ್ಣ ಕದಲಿಕೆ, ಅದರ ಹಿಂದೆಯೇ ಒಣ ಪುಡಿ ಒಡೆದ ತರಿತರಿ ಅನುಭವ. ಹತ್ತು ಹದಿನೈದು ಡಿಗ್ರಿ ಅಡ್ಡಿಯಿಲ್ಲದೆ ತಿರುಗಲು ಶುರುವಾದ ಮೇಲೆ ಮಾತ್ರ ಒಂದು ಅಂಚನ್ನು ಮೆಲ್ಲಗೆ ಓರೆ ಮಾಡಿ ಎತ್ತಬೇಕು. ಎತ್ತುವಾಗ ಮತ್ತೆ ಹಿಡಿದಂತಾದರೆ ನಿಲ್ಲಿಸಿ, ಮತ್ತೆ ತಿರುಗಿಸಿ.

ರೇತ್ ಪ್ರಿಸಮ್‌ನಂಥ ಕೊಕ್ಕೆಯ ಕೂಲರುಗಳಲ್ಲಿ ಬೋರ್ಡಿಗೆ ಹಾಕಿದ ಪ್ಲಾಸ್ಟಿಕ್ ಪಟ್ಟಿಗಳು ತಿರುಗಲು ಜಾಗ ಕೊಡುವುದಿಲ್ಲ. ಕೊಕ್ಕೆ ಬಿಡಿಸಿದ ನಂತರ ಆ ಪಟ್ಟಿಗಳ ಸ್ಕ್ರೂ ಬಿಚ್ಚಿ ತೆಗೆಯಿರಿ, ಪಕ್ಕದ ರ‍್ಯಾಮ್ ಅಡ್ಡ ಬಂದರೆ ಅದನ್ನೂ. ಹಾಗೆ ಮಾಡಿದಾಗ ಬೋರ್ಡಿನ ಹಿಂದಿನ ಲೋಹದ ಫಲಕ ಸಡಿಲವಾಗುತ್ತದೆ. ಡಬ್ಬವನ್ನು ನಿಲ್ಲಿಸಿದರೆ ಬಿದ್ದುಹೋಗುತ್ತದೆ.

ಯಂತ್ರ ಚಾಲೂ ಆಗದಿದ್ದರೆ ಹೇರ್ ಡ್ರೈಯರ್ ಬಳಸಿ. ಕೂಲರಿನ ರೆಕ್ಕೆಗಳಿಗೂ ತಳಕ್ಕೂ ಬಿಸಿಗಾಳಿ ತಾಗುವಂತೆ ಕೆಲವು ನಿಮಿಷ ಸುತ್ತಲೂ ಆಡಿಸಿ, ಮುಟ್ಟಲಾಗದಷ್ಟು ಬಿಸಿಯಾದಾಗ ತಿರುಚಿ. ಬೆಸುಗೆ ಬಿಡಿಸುವ ಹಾಟ್ ಏರ್ ಗನ್ ಬೇಡ, ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಇಷ್ಟಾದರೂ ಜಗ್ಗದಿದ್ದರೆ ಹಲ್ಲಿನ ಸಂದು ಶುಚಿಮಾಡುವ ಮೇಣದ ದಾರವನ್ನು ಪ್ರೊಸೆಸರಿನ ಲೋಹದ ಮುಚ್ಚಳಕ್ಕೂ ಕೂಲರಿಗೂ ನಡುವೆ ತೂರಿಸಿ, ಗರಗಸದಂತೆ ಅತ್ತಿತ್ತ ಎಳೆಯಬಹುದು. ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಮಾತ್ರ ಎಂದಿಗೂ ಬೇಡ. ಅದರ ತುದಿ ಊರುವುದು ಪ್ರೊಸೆಸರಿನ ಹಸಿರು ಹಲಗೆಯ ಮೇಲೆ ಅಥವಾ ಮದರ್‌ಬೋರ್ಡಿನ ತಾಮ್ರದ ಗೆರೆಗಳ ಮೇಲೆ. ಎರಡೂ ಒಮ್ಮೆ ಗೀಚಿದರೆ ಹೋದವು.

ಎಲ್ಲ ಎಚ್ಚರದ ನಡುವೆಯೂ ಪ್ರೊಸೆಸರ್ ಕಿತ್ತು ಬಂದರೆ ಅಲ್ಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಕೂಲರನ್ನು ತಲೆಕೆಳಗಾಗಿಟ್ಟು, ಪಿನ್ ಮುಟ್ಟದೆ ಅಂಚುಗಳನ್ನು ಹಿಡಿದು ಪ್ರೊಸೆಸರನ್ನು ತಿರುಚಿ ಬಿಡಿಸಿ. ಪಿನ್ನುಗಳನ್ನು ದೀಪಕ್ಕೆ ಓರೆಯಾಗಿ ಹಿಡಿದು ಸಾಲು ಸಾಲಾಗಿ ನೋಡಿ. ಬಾಗಿದ ಪಿನ್ ಸಾಲು ತಪ್ಪಿ ಎದ್ದು ಕಾಣುತ್ತದೆ. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ಟೊಳ್ಳು ತುದಿಯನ್ನು ಅದಕ್ಕೆ ತೊಡಿಸಿ ಒಂದೇ ದಿಕ್ಕಿನಲ್ಲಿ ನಿಧಾನಕ್ಕೆ ನೇರ ಮಾಡಬಹುದು. ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ಮುರಿಯುತ್ತದೆ. ಕೂರಿಸುವ ಮುನ್ನ ಲಿವರನ್ನು ಪೂರ್ತಿ ಮೇಲಕ್ಕೆತ್ತಿ, ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ. ಪ್ರೊಸೆಸರ್ ತನ್ನ ತೂಕಕ್ಕೇ ಇಳಿದು ಕೂರಬೇಕು. ಕೂರದಿದ್ದರೆ ಒತ್ತದೆ ಎತ್ತಿಕೊಂಡು, ಯಾವ ಪಿನ್ ಇನ್ನೂ ಓರೆಯಾಗಿದೆ ಎಂದು ಹುಡುಕಿ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ನಡುವೆ 4–5 ಮಿಲಿಮೀಟರ್ ಅಗಲದ ಒಂದು ಹನಿ ಹೊಸ ಪೇಸ್ಟ್ ಇಟ್ಟು ಕೂಲರ್ ಕೂರಿಸಿ. ಈ ಕೆಲಸವನ್ನು ಕಂಪ್ಯೂಟರ್ ಕೆಡುವವರೆಗೆ ಮುಂದೂಡದಿರುವುದು ಒಳ್ಳೆಯದು. ಬಿಸಿಯೇರುವ ಲಕ್ಷಣ ಕಂಡಾಗಲೇ ಮಾಡಿದರೆ ಪೇಸ್ಟನ್ನು ಒಳಗಿನಿಂದ ಹದವಾಗಿ ಕಾಯಿಸಲು ಪ್ರೊಸೆಸರ್ರೇ ಇರುತ್ತದೆ. ಅದು ಸತ್ತ ಮೇಲೆ ನಿಮಗೆ ಉಳಿಯುವುದು ಹೊರಗಿನ ಬಿಸಿಗಾಳಿ ಮಾತ್ರ.